ಹಾಗಲಕಾಯಿಗೆ ಸಿಕ್ಕ ಕೀರ್ತಿ

ಪ್ರಶ್ನೆ: ನನಗೆ 44 ವರ್ಷ. ಹಾಸನದ ಕಡೆಯವಳು, ಈಗ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿದ್ದೇವೆ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ತಗೊಳ್ತೀನಿ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇರುವುದರಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತೆ. ಫೆಬ್ರವರಿಯಲ್ಲಿ ಹಿಮೋಗ್ಲೋಬಿನ್ 88, ಫೆರಿಟಿನ್ 5, ಎಚ್‌ಬಿಎ1ಸಿ 7.0 ಇತ್ತು. ಮಾರ್ಚ್ ಕೊನೆಗೆ ಬೇರೊಂದು ಕ್ಲಿನಿಕ್‌ನಲ್ಲಿ ಕಬ್ಬಿಣದ ಡ್ರಿಪ್ ಹಾಕಿಸಿಕೊಂಡೆ. ಜೂನ್ ಮಧ್ಯದಲ್ಲಿ ಹಿಮೋಗ್ಲೋಬಿನ್ 121ಕ್ಕೆ ಏರಿತು, ಎಚ್‌ಬಿಎ1ಸಿ 5.9ಕ್ಕೆ ಇಳಿಯಿತು. ಜಿ.ಪಿ. ಖುಷಿಯಾಗಿ, ಮಾತ್ರೆ ಅರ್ಧ ಮಾಡೋಣ ಅಂದರು. ಊರಿನಲ್ಲಿ ಅಮ್ಮನಂತೂ ತಾನು ಹೇಳಿಕೊಟ್ಟ ಹಾಗಲಕಾಯಿ ರಸದಿಂದಲೇ ಶುಗರ್ ಹೋಯ್ತು ಅಂತ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ಆದರೆ ಮನೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 7.2ರಿಂದ 8, ರಾತ್ರಿ ಊಟವಾದ ಎರಡು ಗಂಟೆಗೆ 11, 12 ಬರ್ತಿದೆ. ಮೀಟರ್ ಕೆಟ್ಟಿದೆಯಾ? ಯಾವುದನ್ನು ನಂಬಲಿ? ಇನ್ನೊಂದು ವಿಷಯ, ಕಬ್ಬಿಣ ಸರಿಹೋದರೂ ರಕ್ತಕಣದ ಗಾತ್ರ ಇನ್ನೂ ಚಿಕ್ಕದೇ ಇದೆ, ಥಲಸ್ಸೇಮಿಯಾ ಮೈನರ್ ಇರಬಹುದು ಅಂದಿದ್ದಾರೆ.

ಉತ್ತರ: ಸೋದರಿ, ಮಾತ್ರೆಯನ್ನು ಸದ್ಯಕ್ಕೆ ಅರ್ಧ ಮಾಡಬೇಡಿ. ಈ ಜಗಳದಲ್ಲಿ ನಾನು ನಿಮ್ಮ ಮೀಟರ್ ಪರ. ಅದಕ್ಕೆ ಕಾರಣ ನೀವೇ ಬರೆದು ಕಳಿಸಿದ ಅಂಕಿಗಳಲ್ಲಿದೆ.

ಎಚ್‌ಬಿಎ1ಸಿಯನ್ನು ಸರಾಸರಿ ಸಕ್ಕರೆಯಾಗಿ ತಿರುಗಿಸುವ ಒಂದು ಲೆಕ್ಕ ಇದೆ: ಅದನ್ನು 1.59ರಿಂದ ಗುಣಿಸಿ 2.59 ಕಳೆದರೆ ನಿಮ್ಮ ಮೀಟರ್ ತೋರಿಸುವ ಮಿಲಿಮೋಲ್ ಅಳತೆಯಲ್ಲೇ ಉತ್ತರ ಸಿಗುತ್ತದೆ. 5.9ಕ್ಕೆ ಸುಮಾರು 6.8 ಬರುತ್ತದೆ. ಅಂದರೆ ಹಗಲು ರಾತ್ರಿ, ಉಂಡದ್ದು ಉಪವಾಸವಿದ್ದದ್ದು ಎಲ್ಲ ಸೇರಿ ನಿಮ್ಮ ಸಕ್ಕರೆ ಸರಾಸರಿ 6.8 ಇರಬೇಕಿತ್ತು. ಆದರೆ ರಾತ್ರಿಯಿಡೀ ಏನೂ ತಿನ್ನದೆ ಎದ್ದಾಗಲೇ ಅದು 7.2ಕ್ಕಿಂತ ಕೆಳಗೆ ಹೋಗುತ್ತಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಸ್ವಲ್ಪ ಇಳಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆದರೂ ರಾತ್ರಿ 12 ಮುಟ್ಟುವವರ ಸರಾಸರಿ 6.8 ಆಗುವುದು ಕಷ್ಟ. ನಿಮ್ಮ ನಿಜವಾದ ಸರಾಸರಿ 9ರ ಆಸುಪಾಸಿನಲ್ಲಿದ್ದರೆ ಎಚ್‌ಬಿಎ1ಸಿ 7.3ರ ಹತ್ತಿರ ಇರಬೇಕಿತ್ತು. ಈ ಅಂತರವೇ ನಮಗೆ ಸುಳಿವು.

ಲ್ಯಾಬ್‌ನ ಯಂತ್ರ ತಪ್ಪಿಲ್ಲ. ಅದು ಅಳೆಯುವುದು ಸಕ್ಕರೆಯನ್ನಲ್ಲ, ಸಕ್ಕರೆ ಅಂಟಿಕೊಂಡಿರುವ ಹಿಮೋಗ್ಲೋಬಿನ್ ಶೇಕಡ ಎಷ್ಟಿದೆ ಎಂಬುದನ್ನು. ಎಷ್ಟು ಅಂಟುತ್ತದೆ ಎನ್ನುವುದು ಎರಡರ ಮೇಲೆ ನಿಂತಿದೆ: ರಕ್ತದಲ್ಲಿ ಸಕ್ಕರೆ ಎಷ್ಟಿತ್ತು, ಮತ್ತು ಆ ಕೆಂಪು ರಕ್ತಕಣ ಎಷ್ಟು ದಿನ ಆ ಸಕ್ಕರೆಯಲ್ಲಿ ಓಡಾಡಿತು. ಕಣದ ಆಯುಸ್ಸು ಸುಮಾರು 120 ದಿನ ಎಂಬ ನಂಬಿಕೆಯ ಮೇಲೆಯೇ ‘ಮೂರು ತಿಂಗಳ ಸರಾಸರಿ’ ಎಂಬ ಮಾತು ಹುಟ್ಟಿದೆ. ಆ ನಂಬಿಕೆ ನಿಮ್ಮ ವಿಷಯದಲ್ಲಿ ಈ ವರ್ಷ ಎರಡು ಸಲ ಸುಳ್ಳಾಗಿದೆ, ಅದೂ ಬೇರೆ ಬೇರೆ ದಿಕ್ಕಿಗೆ.

ಮೊದಲು ಫೆಬ್ರವರಿ ನೋಡಿ. ಫೆರಿಟಿನ್ 5 ಎಂದರೆ ಕಬ್ಬಿಣದ ಉಗ್ರಾಣ ಬರಿದಾಗಿತ್ತು. ಕಬ್ಬಿಣವಿಲ್ಲದೆ ಹೊಸ ಕಣಗಳ ಉತ್ಪಾದನೆ ಕುಂಟುತ್ತದೆ, ಓಡಾಡುವ ಕಣಗಳಲ್ಲಿ ಹಳೆಯವೇ ಹೆಚ್ಚಾಗುತ್ತವೆ. ಅಂಥವರಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಮೇಲೆ ಕಾಣುತ್ತದೆ. ಸಸ್ಯಾಹಾರಿಗಳಿಗೆ, ಅದರಲ್ಲೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಿಗೆ, ಬಿ12 ಕಡಿಮೆಯಾದಾಗಲೂ ಹೀಗೇ ಆಗುತ್ತದೆ. ಅದನ್ನೂ ಒಮ್ಮೆ ನೋಡಿಸಿ. ಆದರೆ ಅದೇ ಹೊತ್ತಿಗೆ ತಿಂಗಳು ತಿಂಗಳೂ ರಕ್ತ ಹೋಗುತ್ತಿದ್ದುದರಿಂದ ಹಳೆಯ ಕಣಗಳೂ ಕಳೆದುಹೋಗುತ್ತಿದ್ದವು, ಅದು ಅಂಕಿಯನ್ನು ಕೆಳಗೆ ಎಳೆಯುತ್ತದೆ. ಈ ಎಳೆದಾಟದಲ್ಲಿ 7.0 ಎಂಬುದು ಎಷ್ಟು ನಿಜ ಎಂದು ಯಾರೂ ಹೇಳಲಾರರು. ‘ರಕ್ತಹೀನತೆಗೆ ಇಷ್ಟು ಕಳೆಯಿರಿ’ ಎಂಬ ಸೂತ್ರ ಹುಡುಕಬೇಡಿ, ಅಂಥದ್ದು ಇಲ್ಲ.

ಜೂನ್‌ನ ಕಥೆ ಇಷ್ಟು ಗೋಜಲಿಲ್ಲ. ಡ್ರಿಪ್ ಆದ ಮೇಲೆ ಎಲುಬಿನ ಮಜ್ಜೆ ತುಂಬಾ ದಿನದ ಬಾಕಿ ತೀರಿಸುವಂತೆ ಕಣಗಳನ್ನು ತಯಾರಿಸಿದೆ. ಹಿಮೋಗ್ಲೋಬಿನ್ 88ರಿಂದ 121ಕ್ಕೆ ಬಂತು. ಆ 121ರಲ್ಲಿ 33, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು, ಏರಿಕೆಯ ಬಾಬತ್ತು. ಅದರ ಜೊತೆಗೆ ಮುಟ್ಟಿನಲ್ಲಿ ಹೋದದ್ದಕ್ಕೆ ಬದಲಾಗಿ ಬಂದ ಹೊಸ ಕಣಗಳು ಬೇರೆ. ಇವುಗಳಿಗೆ ಸಕ್ಕರೆ ಹತ್ತಲು ಸಮಯವೇ ಸಿಕ್ಕಿಲ್ಲ. ಹೊಗೆ ಹಿಡಿದ ಅಡುಗೆಮನೆ ಗೋಡೆಗೆ ಹೊಸದಾಗಿ ಸುಣ್ಣ ಬಳಿದ ಮೇಲೆ, ಆ ಗೋಡೆ ನೋಡಿ ಎಷ್ಟು ಸೌದೆ ಉರಿಯಿತು ಎಂದು ಹೇಳಲಾಗುತ್ತದೆಯೇ? ನಿಮ್ಮ 5.9 ಆ ಸುಣ್ಣದ ಬಿಳುಪು. ಹಾಗಲಕಾಯಿಯ ಕೀರ್ತಿ ಕಬ್ಬಿಣಕ್ಕೆ ಸಲ್ಲಬೇಕು. ಅಮ್ಮನಿಗೆ ಇದನ್ನು ಹೇಗೆ ಹೇಳುತ್ತೀರೋ, ಅದು ನಿಮಗೆ ಬಿಟ್ಟದ್ದು.

ಜಿ.ಪಿ. ಬಗ್ಗೆ ಬೇಸರ ಬೇಡ. ಡ್ರಿಪ್ ಹಾಕಿದವರು ಒಬ್ಬರು, ಶುಗರ್ ವರದಿ ನೋಡಿದವರು ಇನ್ನೊಬ್ಬರು. ಕಬ್ಬಿಣ ಹಾಕಿಸಿಕೊಂಡದ್ದು, ರಕ್ತ ಹೋದದ್ದು ಲ್ಯಾಬ್‌ನ ಯಂತ್ರಕ್ಕೆ ಕಾಣುವುದಿಲ್ಲ, ಆದ್ದರಿಂದ ವರದಿಯ ಕೆಳಗೆ ಎಚ್ಚರಿಕೆಯ ಸಾಲೂ ಬರುವುದಿಲ್ಲ. ಹಿಮೋಗ್ಲೋಬಿನ್ನೇ ಬೇರೆ ಜಾತಿಯದಾಗಿದ್ದರೆ, ಉದಾಹರಣೆಗೆ ಸಿಕಲ್ ಸೆಲ್ಲಿನದು, ಕೆಲವು ಯಂತ್ರಗಳು ಅದನ್ನು ಗುರುತಿಸುತ್ತವೆ. ನಿಮ್ಮದು ಹಾಗಲ್ಲ. ಮುಂದಿನ ಭೇಟಿಯಲ್ಲಿ ‘ಮಾರ್ಚ್ ಕೊನೆಗೆ ಕಬ್ಬಿಣದ ಡ್ರಿಪ್, ಮುಟ್ಟಿನಲ್ಲಿ ಅತಿ ರಕ್ತಸ್ರಾವ, ಥಲಸ್ಸೇಮಿಯಾ ಅನುಮಾನ’ ಎಂದು ಪರೀಕ್ಷೆಯ ಚೀಟಿಯ ಮೇಲೆಯೇ ಬರೆಸಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಎಚ್‌ಬಿಎ1ಸಿ ಮೇಲೆ ಸಕ್ಕರೆ ಕಾಯಿಲೆ ನಿರ್ಧರಿಸಬಹುದು ಎಂದು ಒಪ್ಪಿದಾಗಲೂ, ಅಳತೆಯನ್ನು ಕೆಡಿಸುವ ಸ್ಥಿತಿ ಇರಬಾರದು ಎಂಬ ಷರತ್ತು ಹಾಕಿತ್ತು.

ಇನ್ನು ಮೀಟರ್. ಅದಕ್ಕೂ ಒಂದು ದೌರ್ಬಲ್ಯ ಇದೆ: ರಕ್ತ ತೀರ ಕಡಿಮೆ ಇದ್ದಾಗ ಹಲವು ಮೀಟರ್‌ಗಳು ಸಕ್ಕರೆಯನ್ನು ಸ್ವಲ್ಪ ಹೆಚ್ಚಾಗಿ ತೋರಿಸುತ್ತವೆ. ಫೆಬ್ರವರಿಯ ಅಂಕಿಗಳಿದ್ದರೆ ಅವುಗಳ ಮೇಲೆ ಆ ಅನುಮಾನ ಇರಲಿ. ಈಗ 121 ಇರುವಾಗ ಆ ಕಾರಣ ಉಳಿದಿಲ್ಲ. ಆದರೂ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಮೀಟರ್ ಸಮೇತ ಹೋಗಿ. ಅವರು ತೋಳಿನಿಂದ ರಕ್ತ ತೆಗೆದ ಕೂಡಲೇ ಕೈ ತೊಳೆದು, ಒರೆಸಿ, ಬೆರಳು ಚುಚ್ಚಿ ಅಂಕಿ ಬರೆದಿಟ್ಟುಕೊಳ್ಳಿ. ಲ್ಯಾಬ್ 7.4 ಅಂದು ನಿಮ್ಮದು 6.3ರಿಂದ 8.5ರ ಒಳಗಿದ್ದರೆ ಮೀಟರ್ ಸರಿಯಿದೆ. ಬೆಳಗಿನ ತಿಂಡಿಗೆ ಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡರೆ ಮಾತ್ರ ಯಾವ ಮೀಟರೂ ಸುಳ್ಳು ಹೇಳುತ್ತದೆ.

ಆಮೇಲೆ ಮೂರು ದಿನ, ಅದರಲ್ಲಿ ಒಂದು ಭಾನುವಾರ ಇರಲಿ, ಮೂರೂ ಹೊತ್ತು ತಿನ್ನುವ ಮುಂಚೆ ಮತ್ತು ಎರಡು ಗಂಟೆ ನಂತರ, ಮಲಗುವಾಗ ಒಮ್ಮೆ ನೋಡಿ. ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನದಲ್ಲಿ ಪ್ರಸಾದ ತಿಂದ ದಿನವನ್ನು ಬಿಟ್ಟುಬಿಡಬೇಡಿ, ಅದೂ ನಿಮ್ಮ ಜೀವನವೇ. ಈ ಅಂಕಿಗಳು ಮಾತ್ರೆಯ ನಿರ್ಧಾರಕ್ಕೆ 5.9ಕ್ಕಿಂತ ಎಷ್ಟೋ ಒಳ್ಳೆಯ ಆಧಾರ. ಅಮ್ಮನಿಗೆ ಕಳಿಸುವಾಗ 18ರಿಂದ ಗುಣಿಸಿ, ಇಲ್ಲಿಯ 12 ಹಾಸನದ 216.

ಇದರ ಜೊತೆ ಒಂದು ರಕ್ತಪರೀಕ್ಷೆ ಕೇಳಿ: ಫ್ರಕ್ಟೊಸಮೀನ್. ಇದು ಕೆಂಪು ಕಣದ ಬದಲು ರಕ್ತದ ಪ್ರೋಟೀನ್‌ಗಳಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ, ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಹೋದ ಎರಡು ಮೂರು ವಾರದ ಕಥೆ ಹೇಳುತ್ತದೆ. ಉಪವಾಸ ಬೇಕಿಲ್ಲ, ಮೆಡಿಕೇರ್ ಪಟ್ಟಿಯಲ್ಲೂ ಇದೆ. ಮಾಮೂಲಿ ಮೇಲ್ಮಿತಿ ಸುಮಾರು 285 ಮೈಕ್ರೋಮೋಲ್, ಲ್ಯಾಬ್‌ನಿಂದ ಲ್ಯಾಬ್‌ಗೆ ಚೂರು ಬೇರೆ. ಹಾಗಾಗಿ ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ನಿಮ್ಮ ಅಂಕಿಯನ್ನು ನಿಮ್ಮದರ ಜೊತೆಗೇ ಹೋಲಿಸಿ. ಆಲ್ಬುಮಿನ್ ಕಡಿಮೆ ಇದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಥೈರಾಯ್ಡ್ ಹತೋಟಿಯಲ್ಲಿಲ್ಲದಿದ್ದರೆ ಇದೂ ದಾರಿ ತಪ್ಪಿಸುತ್ತದೆ. ಆಲ್ಬುಮಿನ್ ಅನ್ನು ಅದೇ ರಕ್ತದಲ್ಲಿ ನೋಡಲು ಹೇಳಿದರೆ ಸಾಕು.

ದುಡ್ಡು ಖರ್ಚು ಮಾಡಲು ಅಡ್ಡಿಯಿಲ್ಲವಾದರೆ ತೋಳಿಗೆ ಅಂಟಿಸುವ ಸೆನ್ಸರ್ ಒಂದನ್ನು ಎರಡು ವಾರ ಹಾಕಿಕೊಳ್ಳಿ. ಟೈಪ್ 2 ಇರುವವರಿಗೆ ಸಾಮಾನ್ಯವಾಗಿ ಸರ್ಕಾರದ ರಿಯಾಯಿತಿ ಸಿಗದು, ಸುಮಾರು ನೂರು ಡಾಲರ್ ಕೈಯಿಂದ ಹೋಗುತ್ತದೆ. ಪ್ರತಿ ತಿಂಗಳೂ ಬೇಕಿಲ್ಲ, ಈ ಗೊಂದಲ ಬಿಡಿಸಲು ಒಂದೇ ಸಾಕು. ಅದರ ಆ್ಯಪ್‌ನಲ್ಲಿ 3.9ರಿಂದ 10ರ ನಡುವೆ ಶೇಕಡ ಎಷ್ಟು ಹೊತ್ತು ಇದ್ದಿರಿ ಎಂದು ಬರುತ್ತದೆ, 70 ದಾಟಿದರೆ ಒಳ್ಳೆಯದು. ಸೆನ್ಸರ್‌ನ ಸರಾಸರಿಯಿಂದ ಲೆಕ್ಕ ಹಾಕಿದ ಜಿಎಂಐ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಅದು ಎಚ್‌ಬಿಎ1ಸಿಯ ರೂಪದಲ್ಲೇ ಇರುತ್ತದೆ, ಆದರೆ ಕೆಂಪು ಕಣಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಜಿ.ಪಿ.ಗೆ ನಾನು ಇಷ್ಟುದ್ದ ಬರೆದದ್ದೆಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಥಲಸ್ಸೇಮಿಯಾ ವಿಷಯಕ್ಕೆ ಬರೋಣ. ನೀವು ಕಳಿಸಿದ ಜೂನ್ ವರದಿಯಲ್ಲಿ ಕಣದ ಗಾತ್ರ 68, ಕಣಗಳ ಎಣಿಕೆ 5.6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 12 ಚಿಲ್ಲರೆ. 13ಕ್ಕಿಂತ ಕೆಳಗೆ ಬಂದರೆ ಬರೀ ಕಬ್ಬಿಣದ ಕೊರತೆಗಿಂತ ಥಲಸ್ಸೇಮಿಯಾ ಮೈನರ್ ಕಡೆಗೆ ಅನುಮಾನ ವಾಲುತ್ತದೆ: ಕಣ ಚಿಕ್ಕದು, ಸಂಖ್ಯೆ ಮಾತ್ರ ಧಾರಾಳ. ಇದು ಅನುಮಾನವೇ ಹೊರತು ತೀರ್ಪಲ್ಲ. ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್‌ನಲ್ಲಿ ಎಚ್‌ಬಿ ಎ2 ಶೇಕಡ 3.5 ದಾಟಿದರೆ ಬೀಟಾ ಥಲಸ್ಸೇಮಿಯಾ ಮೈನರ್ ಬಹುಮಟ್ಟಿಗೆ ಖಚಿತ. ಕಬ್ಬಿಣ ಕಡಿಮೆಯಿದ್ದಾಗ ಈ ಎ2 ಕೂಡ ತಗ್ಗಿ ಮೋಸ ಮಾಡುವುದರಿಂದ, ಫೆರಿಟಿನ್ ತುಂಬಿರುವ ಈಗಲೇ ಮಾಡಿಸಿಕೊಳ್ಳುವುದು ವಾಸಿ. ಎ2 ಸರಿಯಾಗಿಯೇ ಬಂದರೆ ಆಲ್ಫಾ ಥಲಸ್ಸೇಮಿಯಾ ಉಳಿಯುತ್ತದೆ, ಅದಕ್ಕೆ ಜೀನ್ ಪರೀಕ್ಷೆ ಬೇಕು.

ಮೈನರ್ ಇದ್ದವರಲ್ಲಿ ಕಣದ ಆಯುಸ್ಸು ಕೊಂಚ ಕಡಿಮೆ ಇರಬಹುದು, ಹಾಗಾಗಿ ಎಚ್‌ಬಿಎ1ಸಿ ನಿಜಕ್ಕಿಂತ ಸ್ವಲ್ಪ ಕೆಳಗೆ ಬೀಳಬಹುದು. ಎಲ್ಲರಲ್ಲೂ ಅಲ್ಲ, ಎಲ್ಲರಲ್ಲೂ ಒಂದೇ ಪ್ರಮಾಣದಲ್ಲೂ ಅಲ್ಲ. ನಿಮ್ಮದು ಎಷ್ಟು ಎಂದು ತಿಳಿಯಲು ರಕ್ತ ಒಂದು ನೆಲೆಗೆ ನಿಲ್ಲಬೇಕು. ಹಿಮೋಗ್ಲೋಬಿನ್ ಏರುಪೇರಿಲ್ಲದೆ ಮೂರು ನಾಲ್ಕು ತಿಂಗಳು ಕಳೆದ ಮೇಲೆ ಎಚ್‌ಬಿಎ1ಸಿ, ಫ್ರಕ್ಟೊಸಮೀನ್, ಸೆನ್ಸರ್ ಮೂರನ್ನೂ ಒಟ್ಟಿಗೆ ನೋಡಿದರೆ ನಿಮ್ಮ ಸ್ವಂತ ಅಂತರ ಗೊತ್ತಾಗುತ್ತದೆ. ಅಂತರ ಪ್ರತಿ ಸಲವೂ ಅಷ್ಟೇ ಇದ್ದರೆ ಎಚ್‌ಬಿಎ1ಸಿಯನ್ನು ಮತ್ತೆ ಬಳಸಬಹುದು. ಆದರೆ ಫೈಬ್ರಾಯ್ಡ್‌ಗೆ ಚಿಕಿತ್ಸೆ ಆಗದೆ ರಕ್ತ ಹೋಗುತ್ತಲೇ ಇದ್ದರೆ, ಮತ್ತೆ ಡ್ರಿಪ್ ಬೇಕಾದರೆ, ಆಪರೇಷನ್ನಿನಲ್ಲಿ ರಕ್ತ ಕೊಡಿಸಿದರೆ ಆ ಲೆಕ್ಕ ಮತ್ತೆ ಮೊದಲಿನಿಂದ. ರಕ್ತದಾನ ಮಾಡಿದವರಿಗೂ ಇದೇ ಮಾತು, ಪ್ರಮಾಣ ಮಾತ್ರ ಕಡಿಮೆ. ಪದೇಪದೇ ರಕ್ತ ಕೊಡಿಸಿಕೊಳ್ಳುವ ಥಲಸ್ಸೇಮಿಯಾ ಮೇಜರ್‌ನವರಿಗೆ ಎಚ್‌ಬಿಎ1ಸಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅದರಲ್ಲಿ ಅಳೆಯುವುದು ದಾನಿಯ ಕಣಗಳನ್ನು. ನಿಮ್ಮ ಬಳಗದಲ್ಲಿ ಅಂಥವರಿದ್ದರೆ ಕ್ಲೇಟನ್‌ನ ಮೊನಾಶ್ ಮೆಡಿಕಲ್ ಸೆಂಟರ್‌ನಲ್ಲಿ ಥಲಸ್ಸೇಮಿಯಾಕ್ಕಾಗಿಯೇ ವಿಭಾಗವಿದೆ.

ನಿಮಗೆ ಮೈನರ್ ಇರುವುದು ಖಚಿತವಾದರೆ ಮಕ್ಕಳಿಗೂ ಮದುವೆಗೆ ಮೊದಲು ಪರೀಕ್ಷೆ ಮಾಡಿಸಿ. ಗಂಡ ಹೆಂಡತಿ ಇಬ್ಬರಿಗೂ ಬೀಟಾ ಮೈನರ್ ಇದ್ದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಂಭವ ನಾಲ್ಕರಲ್ಲೊಂದು. ಮುಂದೆ ಯಾವತ್ತಾದರೂ ಆ ಮಕ್ಕಳಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಬೇಕಾದಾಗ ಎಚ್‌ಬಿಎ1ಸಿ ಒಂದರ ಮೇಲೆ ನಿಲ್ಲಬೇಡಿ. ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಅನುಮಾನ ಉಳಿದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕಾಯುವ ಪರೀಕ್ಷೆ ಕೇಳಿ. ಮೊದಲನೆಯದು 7.0 ಅಥವಾ ಎರಡನೆಯದು 11.1 ಮುಟ್ಟಿದರೆ ಅದು ಸಕ್ಕರೆ ಕಾಯಿಲೆಯ ಗೆರೆ. ತೊಂದರೆಯ ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ದಿನ ಮತ್ತೆ ನೋಡಿಯೇ ಹೆಸರಿಡುತ್ತಾರೆ.