ಕ್ಷ-ಕಿರಣ ತಂತ್ರಜ್ಞನ ಎದೆಬಿಲ್ಲೆ

ಮಂಗಳೂರಿನ ಯಾವುದಾದರೊಂದು ದೊಡ್ಡ ಆಸ್ಪತ್ರೆಯ ಕ್ಷ-ಕಿರಣ ವಿಭಾಗದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಒಳಗೆ ಓಡಾಡುವ ತಂತ್ರಜ್ಞರ ಎದೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾದ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ಕಾಣಬಹುದು. ಗುರುತಿನ ಚೀಟಿಯೆಂದು ಭಾವಿಸಿ ನಾವು ಅದನ್ನು ಗಮನಿಸದೆ ಮುಂದೆ ಹೋಗುವೆವು. ವಾಸ್ತವವಾಗಿ ಅದೊಂದು ಮಾಪಕ. ಅದನ್ನು ಧರಿಸಿದವನ ಮೈಮೇಲೆ ಮೂರು ತಿಂಗಳಲ್ಲಿ ಎಷ್ಟು ವಿಕಿರಣ ಬಿದ್ದಿತೆಂಬುದನ್ನು ಅದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ತಂತ್ರಜ್ಞರು ಇದನ್ನು ಟಿ.ಎಲ್.ಡಿ. ಬ್ಯಾಡ್ಜು ಎಂದು ಕರೆಯುತ್ತಾರೆ. ಈ ಬ್ಯಾಡ್ಜು ಸುಳ್ಳು ಹೇಳಬಲ್ಲುದೆ? ಹೇಳಿದರೆ ಅದನ್ನು ಕಂಡುಹಿಡಿಯುವುದು ಹೇಗೆ? ಈ ಪ್ರಶ್ನೆಯನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ಪರವಾನಗಿ ಯಾರಿಗೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಮೋಟಾರು ನಡೆಸುವವನಿಗೆ ಪರವಾನಗಿ ಇರುವಂತೆ ಕ್ಷ-ಕಿರಣ ಯಂತ್ರ ನಡೆಸುವವನ ಹೆಸರಿಗೂ ಒಂದು ಪರವಾನಗಿ ದೊರೆಯುವುದೆಂದು ಅನೇಕರು ತಿಳಿದಿದ್ದಾರೆ. ನಮ್ಮ ದೇಶದಲ್ಲಿ ವ್ಯವಸ್ಥೆ ಹಾಗಿಲ್ಲ. 1983ರ ನವೆಂಬರ್ 15ರಂದು ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಪರವಾನಗಿಯನ್ನು ಕೊಡುವುದು ಸಂಸ್ಥೆಗೆ. ಅದೂ ಇಂಥ ಯಂತ್ರವನ್ನು ಇಂಥ ಸ್ಥಳದಲ್ಲಿ ನಡೆಸುವುದಕ್ಕೆ. ಅರ್ಜಿಯು ಇ-ಲೋರಾ ಎಂಬ ಮಂಡಳಿಯ ಗಣಕ ವ್ಯವಸ್ಥೆಯ ಮೂಲಕ ಹೋಗಬೇಕು. ಯಂತ್ರವು ಮಂಡಳಿ ಒಪ್ಪಿದ ಮಾದರಿಯದಾಗಿರಬೇಕು. ಅದರ ಗುಣಮಟ್ಟದ ಪರೀಕ್ಷೆ ನಡೆದಿರಬೇಕು. ಸಂಸ್ಥೆಯಲ್ಲಿ ಮಂಡಳಿಯ ಒಪ್ಪಿಗೆ ಪಡೆದ ವಿಕಿರಣ ಸುರಕ್ಷತಾಧಿಕಾರಿಯೊಬ್ಬರಿರಬೇಕು. ಯಂತ್ರ ನಡೆಸುವವರು ಮಾನ್ಯತೆ ಪಡೆದ ತರಬೇತಿ ಹೊಂದಿದವರಾಗಿದ್ದು, ಪ್ರತಿಯೊಬ್ಬರಿಗೂ ಅವರವರದೇ ಆದ ಬ್ಯಾಡ್ಜು ಇರಬೇಕು. 

ಹೀಗೆ ಪರವಾನಗಿ ಸಂಸ್ಥೆಯದು, ತರಬೇತಿಯ ಅರ್ಹತೆ ತಂತ್ರಜ್ಞನದು. ಇಂಥ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ ಸಂಸತ್ತು 2021ರಲ್ಲಿ ಬೇರೊಂದು ಕಾಯಿದೆಯನ್ನೂ ಮಾಡಿತು. ಆದರೆ ತಂತ್ರಜ್ಞನನ್ನು ವೃತ್ತಿಯುದ್ದಕ್ಕೂ ಹಿಂಬಾಲಿಸುವುದು ಬ್ಯಾಡ್ಜಿನ ಲೆಕ್ಕ. ಅವನು ಮಂಗಳೂರಿನ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದರೂ ಅವನ ಹಿಂದಿನ ಅಂಕಿಗಳು ಅಳಿಸಿಹೋಗುವುದಿಲ್ಲ.

ಇನ್ನೊಂದು ಮಾತು. ಜನರ ಬಾಯಲ್ಲಿ ಎಲ್ಲವೂ ‘ಸ್ಕ್ಯಾನಿಂಗ್’ ಆಗಿದೆ. ಸಿ.ಟಿ. ಸ್ಕ್ಯಾನ್ ಕ್ಷ-ಕಿರಣದಿಂದ ನಡೆಯುವುದರಿಂದ ಅದು ಈ ನಿಯಮಗಳಿಗೆ ಒಳಪಟ್ಟಿದೆ. ಎಂ.ಆರ್.ಐ. ಯಂತ್ರವು ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳಿಂದಲೂ, ಅಲ್ಟ್ರಾಸೌಂಡ್ ಯಂತ್ರವು ಶಬ್ದ ತರಂಗಗಳಿಂದಲೂ ಕೆಲಸ ಮಾಡುವುದರಿಂದ ಅಲ್ಲಿ ಈ ಬ್ಯಾಡ್ಜಿಗೆ ಅಳೆಯಲು ಏನೂ ಇಲ್ಲ.

ಬಿಲ್ಲೆಯೊಳಗೆ ಏನಿದೆ?

ಬ್ಯಾಡ್ಜಿನೊಳಗೆ ಮೂರು ಪುಟ್ಟ ಟೆಫ್ಲಾನ್ ಬಿಲ್ಲೆಗಳಿವೆ. ಟೆಫ್ಲಾನಿನೊಂದಿಗೆ ಕ್ಯಾಲ್ಸಿಯಂ ಸಲ್ಫೇಟ್ ಎಂಬ ಲವಣದ ಪುಡಿ ಬೆರೆತಿದೆ. ಆ ಲವಣದಲ್ಲಿ ಡಿಸ್ಪ್ರೋಸಿಯಂ ಎಂಬ ಧಾತುವಿನ ಲವಲೇಶವಿದೆ. ಕ್ಷ-ಕಿರಣವು ಲವಣದ ಹರಳನ್ನು ತಾಕಿದಾಗ ಕೆಲವು ಎಲೆಕ್ಟ್ರಾನುಗಳು ತಮ್ಮ ನೆಲೆಯಿಂದ ಮೇಲೆದ್ದು, ಹರಳಿನ ದೋಷಸ್ಥಾನಗಳಲ್ಲಿ ಸಿಕ್ಕಿಬೀಳುತ್ತವೆ. ಮಳೆ ನಿಂತ ಮೇಲೂ ಗದ್ದೆಯ ಕುಳಿಗಳಲ್ಲಿ ನೀರು ಉಳಿದಿರುವಂತೆ, ಕಿರಣವು ನಿಂತ ಮೇಲೂ ಇವು ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತವೆ.

ಮೂರು ತಿಂಗಳು ಕಳೆದ ಬಳಿಕ ಬ್ಯಾಡ್ಜುಗಳು ಪ್ರಯೋಗಶಾಲೆಗೆ ಹೋಗುತ್ತವೆ. ಅಲ್ಲಿ ಬಿಲ್ಲೆಗಳನ್ನು ಸುಮಾರು 300 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಕಾಯಿಸುತ್ತಾರೆ. ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ, ಬಿಲ್ಲೆಯು ಕ್ಷಣಕಾಲ ಮಂದವಾಗಿ ಬೆಳಗುತ್ತದೆ. ಈ ಬೆಳಕಿನ ಮೊತ್ತವೇ ವಿಕಿರಣದ ಅಳತೆ. ಮೂರರಲ್ಲಿ ಒಂದು ಬಿಲ್ಲೆ ಲೋಹದ ಹೊದಿಕೆಯ ಕೆಳಗೂ, ಇನ್ನೊಂದು ಪ್ಲಾಸ್ಟಿಕ್ ಹೊದಿಕೆಯ ಕೆಳಗೂ, ಮತ್ತೊಂದು ತೆರೆದಂತೆಯೂ ಇರುವುದು. ದುರ್ಬಲ ಕಿರಣಗಳನ್ನು ಲೋಹವು ತಡೆಯುವುದರಿಂದ, ಮೂರು ಬೆಳಕುಗಳನ್ನು ಹೋಲಿಸಿ, ಬಿದ್ದ ಕಿರಣ ಯಾವ ಬಗೆಯದೆಂದು ತಿಳಿಯಬಹುದು. ಆದರೆ ಒಮ್ಮೆ ಕಾಯಿಸಿದ ಮೇಲೆ ಬರಹದ ಬಹುಭಾಗ ಅಳಿಸಿಹೋಗುವುದು. ಈ ಪುಸ್ತಕವನ್ನು ನೆಮ್ಮದಿಯಿಂದ ಓದಲು ದೊರೆಯುವುದು ಒಂದೇ ಅವಕಾಶ.

ಉಳ್ಳಾಲದ ಮರಳು ಮತ್ತು ಹೋಲಿಕೆಯ ಬ್ಯಾಡ್ಜು

ವಿಕಿರಣವು ಯಂತ್ರದಿಂದ ಮಾತ್ರವೇ ಬರುವುದಿಲ್ಲ. ಮಣ್ಣಿನಿಂದಲೂ ಆಕಾಶದಿಂದಲೂ ಅದು ಸದಾ ಬರುತ್ತಲೇ ಇದೆ. ಮಂಗಳೂರಿನವರಿಗೆ ಇದಕ್ಕೆ ದೂರದ ಉದಾಹರಣೆ ಬೇಡ. ನೇತ್ರಾವತಿಯ ಆಚೆಗಿರುವ ಉಳ್ಳಾಲದ ಕಡಲತೀರದ ಕೆಲವೆಡೆ ಮರಳಿನಲ್ಲಿ ಮೊನಜೈಟ್ ಖನಿಜವಿದ್ದು, ಅದರಲ್ಲಿರುವ ಥೋರಿಯಂ ಕಾರಣವಾಗಿ ಅಲ್ಲಿನ ಸಹಜ ವಿಕಿರಣ ಹೆಚ್ಚಾಗಿರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಳೆದು 1993ರಲ್ಲಿ ಪ್ರಕಟಿಸಿದರು.

ಬ್ಯಾಡ್ಜು ಯಂತ್ರದ ಕಿರಣವನ್ನೂ ನೆಲದ ಕಿರಣವನ್ನೂ ಬೇರ್ಪಡಿಸಲಾರದು. ಆದುದರಿಂದ ಪ್ರತಿ ಸಂಸ್ಥೆಗೂ ಯಾರೂ ಧರಿಸದ ಒಂದು ಹೋಲಿಕೆಯ ಬ್ಯಾಡ್ಜನ್ನು ಕಳುಹಿಸುತ್ತಾರೆ. ಅದನ್ನು ಕ್ಷ-ಕಿರಣ ತಲುಪದ ಜಾಗದಲ್ಲಿ ಇಡಬೇಕು. ಅದರ ಅಂಕಿಯನ್ನು ಉಳಿದವರ ಅಂಕಿಗಳಿಂದ ಕಳೆಯುತ್ತಾರೆ. ಇಲ್ಲಿಯೇ ಮೊದಲನೆಯ ತಪ್ಪು ನುಸುಳುವುದು. ಅರಿಯದವರು ಯಾರಾದರೂ ಹೋಲಿಕೆಯ ಬ್ಯಾಡ್ಜನ್ನು ಯಂತ್ರದ ಕೋಣೆಯಲ್ಲಿಯೇ ತೂಗುಹಾಕಿದರೆ, ಅದರ ಅಂಕಿ ದೊಡ್ಡದಾಗಿ, ಕಳೆದ ಮೇಲೆ ಎಲ್ಲರ ಲೆಕ್ಕವೂ ಸೊನ್ನೆಗೆ ಇಳಿಯಬಹುದು. ಕಾಗದದ ಮೇಲೆ ಎಲ್ಲರೂ ಕ್ಷೇಮ. ನಿಜಸ್ಥಿತಿಯನ್ನು ಬಲ್ಲವರು ಯಾರೂ ಇಲ್ಲ.

12 ಎಂಬ ಅಂಕಿ

ಈಗ ಇದಕ್ಕೆ ವಿರುದ್ಧವಾದ ತಪ್ಪನ್ನು ಲೆಕ್ಕಹಾಕಿ ನೋಡೋಣ. ವಿಕಿರಣವು ದೇಹಕ್ಕೆ ಮಾಡುವ ಪರಿಣಾಮವನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಅಳೆಯುತ್ತಾರೆ. ತಂತ್ರಜ್ಞನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಕೂಡದು. ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಾತ್ರ. ಮೂರು ತಿಂಗಳ ಒಂದು ಅವಧಿಯಲ್ಲಿ 10 ಮೀರಿದರೆ ವಿಚಾರಣೆ ನಡೆಯುತ್ತದೆ.

ಒಂದು ಆಸ್ಪತ್ರೆಯ ತಂತ್ರಜ್ಞನ ಬ್ಯಾಡ್ಜು 12 ಮಿಲಿಸೀವರ್ಟ್ ತೋರಿಸಿತೆಂದು ಊಹಿಸೋಣ. ಹೀಗೆಯೇ ಮುಂದುವರಿದರೆ ವರ್ಷಕ್ಕೆ 48 ಆಗುವುದು. ಅವನೋ ತಾನು ಯಾವ ತಪ್ಪನ್ನೂ ಮಾಡಿಲ್ಲವೆನ್ನುತ್ತಾನೆ. ಸತ್ಯ ಯಾವುದು?

ದಾಖಲೆ ಪುಸ್ತಕದಂತೆ ಅವನು ದಿನಕ್ಕೆ 40 ಚಿತ್ರಗಳಂತೆ 75 ದಿನ, ಅಂದರೆ 3,000 ಚಿತ್ರಗಳನ್ನು ತೆಗೆದಿದ್ದಾನೆ. ಅವನ ಮೈಮೇಲೆ ಬೀಳುವುದು ನೇರವಾದ ಕಿರಣವಲ್ಲ. ರೋಗಿಯ ದೇಹಕ್ಕೆ ತಾಕಿ ಸುತ್ತಲೂ ಚದರಿದ ಕಿರಣ. ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಇದು ರೋಗಿಯ ಮೇಲೆ ಬಿದ್ದುದರ ಸುಮಾರು ಸಾವಿರದಲ್ಲೊಂದು ಪಾಲು. ಎದೆಯ ಚಿತ್ರಕ್ಕೆ ಕಡಿಮೆ, ಸೊಂಟದ ಚಿತ್ರಕ್ಕೆ ಹೆಚ್ಚು. ಲೆಕ್ಕದ ಅನುಕೂಲಕ್ಕಾಗಿ ಚಿತ್ರವೊಂದಕ್ಕೆ ಸರಾಸರಿ 0.001 ಮಿಲಿಸೀವರ್ಟ್ ಎಂದಿಟ್ಟುಕೊಳ್ಳೋಣ. ಅವನು ಪ್ರತಿ ಬಾರಿಯೂ ಯಾವ ಮರೆಯೂ ಇಲ್ಲದೆ ಒಂದು ಮೀಟರ್ ದೂರದಲ್ಲಿ ನಿಂತಿದ್ದರೂ ಒಟ್ಟು 3 ಮಿಲಿಸೀವರ್ಟ್ ಆಗುತ್ತಿತ್ತು. ಆದರೆ ಅವನ ಗುಂಡಿಯಿರುವುದು ಮೂರು ಮೀಟರ್ ದೂರದಲ್ಲಿ. ದೀಪದ ಬೆಳಕಿನಂತೆ ಇದೂ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಒಂಬತ್ತರಲ್ಲೊಂದು ಪಾಲಾಗಿ 0.33ಕ್ಕೆ ಇಳಿಯುವುದು. ನಡುವೆ 1.5 ಮಿಲಿಮೀಟರ್ ಸೀಸಕ್ಕೆ ಸಮನಾದ ಅಡ್ಡತೆರೆ ಬೇರೆ ಇದೆ. ಅದನ್ನು ನೂರರಲ್ಲೊಂದು ಪಾಲೂ ದಾಟುವುದಿಲ್ಲ. ಹಾಗಾದರೆ ಅವನಿಗೆ ತಾಕಬೇಕಾದುದು ಹೋಲಿಕೆಯ ಬ್ಯಾಡ್ಜಿನಿಂದ ಬೇರ್ಪಡಿಸಲಾಗದಷ್ಟು ಅಲ್ಪ.

12 ಎಲ್ಲಿಂದ ಬಂದಿತು? ಸುರಕ್ಷತಾಧಿಕಾರಿ ಕೋಣೆಯನ್ನು ನೋಡುತ್ತಾರೆ. ಮೇಜಿನಿಂದ ಅರ್ಧ ಮೀಟರ್ ದೂರದ ಗೂಟದಲ್ಲಿ ಸೀಸದ ಮೇಲಂಗಿಯೊಂದು ತೂಗುತ್ತಿದೆ. ಅದರ ಹೊರಮೈಗೆ ಬ್ಯಾಡ್ಜು ಸಿಕ್ಕಿಸಿದೆ. ದೂರ ಅರ್ಧವಾದರೆ ತೀವ್ರತೆ ನಾಲ್ಕು ಪಟ್ಟು. ಚಿತ್ರವೊಂದಕ್ಕೆ 0.004ರಂತೆ 3,000 ಚಿತ್ರಗಳಿಗೆ 12! ವಿಕಿರಣ ಬಿದ್ದುದು ಮನುಷ್ಯನ ಮೇಲಲ್ಲ, ಗೂಟದ ಮೇಲೆ. ಬ್ಯಾಡ್ಜನ್ನು ಎದೆಯ ಮೇಲೆ, ಮೇಲಂಗಿಯ ಒಳಗೆ ಧರಿಸಬೇಕು. ಕೆಲಸ ಮುಗಿದ ಮೇಲೆ ಹೋಲಿಕೆಯ ಬ್ಯಾಡ್ಜಿನ ಬಳಿಯಲ್ಲಿ ಇಡಬೇಕು. ಈ ಎರಡು ಸಣ್ಣ ನಿಯಮಗಳೂ ಇಲ್ಲಿ ಮುರಿದಿವೆ.

ಲೆಕ್ಕವು ಇನ್ನೊಂದು ದಾರಿಗೂ ಕರೆದೊಯ್ಯಬಹುದಿತ್ತು. ಅಳುವ ಮಕ್ಕಳನ್ನು ತಂತ್ರಜ್ಞನೇ ಹಿಡಿದುಕೊಂಡು ಚಿತ್ರ ತೆಗೆಸುತ್ತಿದ್ದರೆ ಅಂಕಿ ನಿಜವೇ ಆಗಿರುವ ಸಂಭವವುಂಟು. ಹಿಡಿಯಲೇಬೇಕಾದಾಗ ಸೀಸದ ಮೇಲಂಗಿ ತೊಟ್ಟ ವಯಸ್ಕ ಬಂಧುವೊಬ್ಬರು ಹಿಡಿಯಬೇಕೆಂಬ ಕಟ್ಟಳೆ ಅದಕ್ಕಾಗಿಯೇ. ಆ ಬಂಧುವಿಗೆ ಅದು ಒಮ್ಮೆಯ ಮಾತು. ತಂತ್ರಜ್ಞನಿಗೆ ದಿನದಿನದ ಮಾತು.

ಕಳೆದುಹೋದ ಮೂರು ತಿಂಗಳು

ಗೂಟದ ಕಥೆ ತಿಳಿದೊಡನೆ ತಂತ್ರಜ್ಞನು ನಿಟ್ಟುಸಿರು ಬಿಡಬಹುದು. ಆದರೆ ಇಲ್ಲಿ ನಷ್ಟವೊಂದು ಉಳಿದೇ ಇದೆ. 12 ಅವನದಲ್ಲವೆಂದು ಗೊತ್ತಾಯಿತೇ ಹೊರತು, ಅವನದು ಎಷ್ಟೆಂದು ಗೊತ್ತಾಗಲಿಲ್ಲ. ರಕ್ತವನ್ನು ಪರೀಕ್ಷಿಸಿ ಕೇಳಬಾರದೆ? ವಿಕಿರಣದಿಂದ ಮುರಿದು ತಪ್ಪಾಗಿ ಬೆಸೆದುಕೊಂಡ ವರ್ಣತಂತುಗಳನ್ನು ಬಿಳಿಯ ರಕ್ತಕಣಗಳಲ್ಲಿ ಎಣಿಸುವ ವಿಧಾನವೊಂದಿದೆ. ಆದರೆ ಸುಮಾರು 100 ಮಿಲಿಸೀವರ್ಟ್‌ಗಿಂತ ಕಡಿಮೆಯಾದುದನ್ನು ಅದು ಖಚಿತವಾಗಿ ಹೇಳಲಾರದು. 12ರ ವಿಷಯದಲ್ಲಿ ರಕ್ತ ಮೂಕ. ಕಣ್ಣು, ಚರ್ಮ, ನರ ಯಾವುದಕ್ಕೂ ಅದರ ಅರಿವಿಲ್ಲ. ಆ ತಂತ್ರಜ್ಞರು ಗರ್ಭಿಣಿಯಾಗಿದ್ದರೆ ಪ್ರಶ್ನೆ ಇನ್ನೂ ಕಠಿಣ. ಗರ್ಭವನ್ನು ತಿಳಿಸಿದ ಬಳಿಕ ಶಿಶುವಿಗೆ ಒಪ್ಪಿರುವ ಮಿತಿ 1 ಮಿಲಿಸೀವರ್ಟ್ ಮಾತ್ರ. ಅದು ಮೀರಿತೋ ಇಲ್ಲವೋ ಎಂದು ಗೂಟದ ಬ್ಯಾಡ್ಜು ಹೇಳಲಾರದು.

ಬ್ಯಾಡ್ಜು ಕಿರಣವನ್ನು ತಡೆಯುವುದಿಲ್ಲ. ತಡೆಯುವುದು ದೂರ, ಸೀಸ ಮತ್ತು ಗೋಡೆ. ಅವು ತಮ್ಮ ಕೆಲಸವನ್ನು ಮಾಡಿದುವೇ ಎಂಬುದಕ್ಕೆ ಬ್ಯಾಡ್ಜು ಒಂದೇ ಸಾಕ್ಷಿ. ಸಾಕ್ಷಿ ನುಡಿಯಬೇಕಾದರೆ ಘಟನೆ ನಡೆದಾಗ ಅದು ಅಲ್ಲಿಯೇ, ಎದೆಯ ಮೇಲೆಯೇ, ಇದ್ದಿರಬೇಕು.