ದಮ್ಮಿನವರ ಮನ್ಯಾಗ ಫ್ಲೂ ಬಂದ್ರ: ಒಂದಿಷ್ಟು ಕಿವಿಮಾತು

ತಮ್ಮಾ, ಯವ್ವಾ, ಮನ್ಯಾಗ ದಮ್ಮಿನ ಬ್ಯಾನಿಯವರು ಇದ್ರ, ದವಾಖಾನಿ ಚೀಟಿ ಮ್ಯಾಲ ಡಾಕ್ಟರು ಸಿಒಪಿಡಿ ಅಂತ ಬರದಿದ್ರ, ಈ ಮಾತು ನಿಮಗ. ಫ್ಲೂ ಬಂದಾಗ ಎಲ್ಲಾರೂ ಹಣಿ ಮುಟ್ಟಿ ಜ್ವರ ನೋಡ್ತಾರ. ದಮ್ಮಿನವರದು ಜ್ವರಕ್ಕಿಂತ ಉಸಿರು ನೋಡಬೇಕು.

• ಬೀಡಿ ಸೇದಿದ ಅಜ್ಜಗೂ, ಬೀಡಿ ಮುಟ್ಟದ ಹತ್ತಿಕಟಗಿ ಒಲಿ ಮುಂದ ನಲವತ್ತು ವರ್ಷ ಕುಂತ ಅಮ್ಮಗೂ ಈ ಬ್ಯಾನಿ ಒಂದ. ಎದ್ಯಾಗಿನ ಉಸಿರಿನ ಕೊಳವಿ ಮೊದಲ ಸಣ್ಣಾಗಿರತಾವ. ಫ್ಲೂ ಬಂತಂದ್ರ ಅವು ಒಳಗ ಬಾತು, ಕಫ ತುಂಬಿ, ಒಳಗ ಹೋದ ಗಾಳಿ ಪೂರಾ ಹೊರಗ ಬರೂದಿಲ್ಲ. ಅದಕ್ಕ ಹರೇದವರಿಗೆ ನಾಕ ದಿನದ ನೆಗಡಿ ಆದದ್ದು ಇವರಿಗೆ ದವಾಖಾನಿ ಮಂಚ ಆಗತೈತಿ.

• ನಮ್ಮ ಕಡೆ ಫ್ಲೂ ವರ್ಷಕ್ಕ ಎರಡ ಸಲ ಜೋರ ಇರತೈತಿ. ಒಂದು ಮಳಿಗಾಲದಾಗ, ಹಸಿ ಕಟಗಿ ಹೊಗಿ ಮನಿ ತುಂಬೂ ಹೊತ್ತಿಗೆ. ಇನ್ನೊಂದು ಜನವರಿಯಿಂದ ಮಾರ್ಚ್‌ತನಾ. ನವಲಗುಂದ, ಅಣ್ಣಿಗೇರಿ ಕಡೆ ಕಡ್ಲಿ, ಜ್ವಾಳದ ರಾಶಿ, ಕುಂದಗೋಳ ಕಡೆ ಮೆಣಸಿನಕಾಯಿ ಘಾಟು, ಎಲ್ಲಾ ಆಗ. 2023ರಾಗ ಎಚ್3ಎನ್2 ಫ್ಲೂ ಬಂದಾಗ ಹಾಸನ ಜಿಲ್ಲಾದ 82 ವರ್ಷದ ಹಿರಿಯರೊಬ್ರು ಫೆಬ್ರುವರಿ ಕಡೀ ವಾರದಾಗ ದವಾಖಾನಿಗೆ ಸೇರಿ ಮಾರ್ಚ್ 1ಕ್ಕ ತೀರಕೊಂಡ್ರು. ಅವರಿಗಿದ್ದದ್ದು ಸಕ್ರಿ ಬ್ಯಾನಿ, ಬಿಪಿ. ದಮ್ಮಿನವರೂ ಅದ ಸಾಲಿನ್ಯಾಗ ಬರ್ತಾರ.

• ಚಲೋ ಇದ್ದಾಗ ಹೆಂಗಿರ್ತಾರ ಅನ್ನೂದು ಮೊದಲ ಗೊತ್ತಿರಬೇಕು. ಎಷ್ಟು ದೂರ ನಡೀತಾರ, ಮುಂಜಾನೆ ಕಫ ಎಷ್ಟು, ಯಾವ ಬಣ್ಣ, ಸುಮ್ನ ಕುಂತಾಗ ನಿಮಿಷಕ್ಕ ಎಷ್ಟು ಉಸಿರು, ಕೊರೊನಾದಾಗ ತಂದ ಆಕ್ಸಿಮೀಟರ್ ಇನ್ನೂ ಇದ್ರ ಅದು ಎಷ್ಟು ತೋರಸತೈತಿ. ಇಷ್ಟು ಗ್ವಾಡಿ ಕ್ಯಾಲೆಂಡರ್ ಮ್ಯಾಲ ಬರದಿಡ್ರಿ. ಉಸಿರು ಎಣಸೂದನ್ನ ಅವರಿಗೆ ಹೇಳಬ್ಯಾಡ್ರಿ, ಹೇಳಿದ್ರ ಉಸಿರಾಡೂ ರೀತಿನ ಬದಲಾಗತೈತಿ.

• ಈಗ ಅಣ್ಣಿಗೇರಿ ಕಡೆ 68ರ ಒಬ್ಬ ಅಜ್ಜ ಅಂತ ತಿಳಕೊಳ್ರಿ. ಚಲೋ ಇದ್ದಾಗ ಆಕ್ಸಿಜನ್ 93. ಬಚ್ಚಲಕ್ಕ ತಾನ ಹೋಗಿ ಬರ್ತಾನ, ಮುಂಜಾನೆ ಸ್ವಲ್ಪ ಬಿಳಿ ಕಫ. ಸೋಮವಾರ ಜ್ವರ, ಮೈಕೈ ನೋವು. ಗುರುವಾರ ಜ್ವರ ಇಳೀತು, ಚಾ ಕುಡದ, ಮನಿಮಂದಿ ನಿಶ್ಚಿಂತಿಯಿಂದ ಹೊಲಕ್ಕ ಹೋದ್ರು. ಶುಕ್ರವಾರ ಕಫ ಹೆಚ್ಚಾಗಿ ಹಸರಾತು, ದಿನಕ್ಕ ಎರಡ ಸಲ ಎಳೀತಿದ್ದ ಪಂಪು ನಾಕ ತಾಸಿಗೊಮ್ಮೆ ಬೇಕಾತು. ಶನಿವಾರ ಬಚ್ಚಲಕ್ಕ ಹೋಗೂವಾಗ ನಡುವ ಎರಡ ಕಡೆ ನಿಂತ, ಆಕ್ಸಿಜನ್ 89. ಐತವಾರ ರಾತ್ರಿ ಮಲಗಾಕ ಆಗಲಿಲ್ಲ, ಮಂಡಿ ಮ್ಯಾಲ ಕೈ ಊರಿ ಕುಂತ, ಎರಡ ಶಬ್ದಕ್ಕ ಮಾತು ನಿಲ್ಲತಿತ್ತು. ಈ ಅಜ್ಜನ್ನ ದವಾಖಾನಿಗೆ ಒಯ್ಯೂ ದಿನ ಐತವಾರ ಅಲ್ಲ, ಶುಕ್ರವಾರ. ಡಾಕ್ಟರಿಗೆ ಹೇಳೂ ದಿನ ಅಂತೂ ಸೋಮವಾರನ.

• ಸೋಮವಾರ ಯಾಕಂದ್ರ, ಫ್ಲೂಗೆ ಒಸೆಲ್ಟಾಮಿವಿರ್ ಅಂತ ಗುಳಿಗಿ ಐತಿ. ಜ್ವರ ಸುರುವಾಗಿ 48 ತಾಸಿನೊಳಗ ಹಿಡದ್ರ ಅದರ ಗುಣ ಹೆಚ್ಚು. ದಮ್ಮಿನವರಿಗೆ ಗಂಟಲಿನ ಪರೀಕ್ಷಾ ಫಲ ಬರೂತನಾ ಕಾಯದ ಡಾಕ್ಟರು ಸುರು ಮಾಡ್ತಾರ. “ನಮ್ಮವರಿಗೆ ಮೊದಲಿನಿಂದ ದಮ್ಮೈತಿ, ನಿನ್ನೆ ಸಂಜಿಗೆ ಜ್ವರ ಬಂದೈತಿ” ಅಂತ ಬಾಗಲದಾಗ ಹೇಳ್ರಿ. ತಡಾ ಆಗೇತಿ ಅಂತ ಬಿಟ್ಟೂ ಬಿಡಬ್ಯಾಡ್ರಿ, ಜೋರ ಇದ್ದವರಿಗೆ ಆಮ್ಯಾಲೂ ಕೊಡ್ತಾರ. ಮುದುಕರಿಗೆ ಒಮ್ಮೊಮ್ಮೆ ಜ್ವರಾನ ಬರೂದಿಲ್ಲ. ಸುಸ್ತು, ಊಟ ಸೇರದಿರೂದು, ಕೆಮ್ಮು ಹೆಚ್ಚಾಗೂದು ಅಷ್ಟ ಇರತೈತಿ.

• ಪಂಪಿನ ಮಾತು. ಪುಡಿ ತುಂಬಿದ ರೋಟಾಕ್ಯಾಪ್ ನುಂಗೂ ಗುಳಿಗಿ ಅಲ್ಲ, ನುಂಗಿದವರನ್ನ ಭಾಳ ಮಂದಿನ್ನ ನೋಡೇನಿ. ದಮ್ಮು ಜೋರಾದಾಗ ಆ ಪುಡಿ ಎಳಕೊಳ್ಳೂ ಶಕ್ತಿ ಎದಿಗೆ ಇರೂದಿಲ್ಲ. ಆಗ ಸ್ಪೇಸರ್ ಅನ್ನೂ ಪ್ಲಾಸ್ಟಿಕ್ ಡಬ್ಬಿ ಹಚ್ಚಿ ಸ್ಪ್ರೇ ಪಂಪು ಕೊಡಬೇಕು: ಒಂದ ಸಲ ಒತ್ತಿ, ನಾಕೈದು ಉಸಿರು ನಿಧಾನ ಎಳದು, ಆಮ್ಯಾಲ ಇನ್ನೊಂದು. ಎಷ್ಟು ಸಲ ಅನ್ನೂದು ಚೀಟ್ಯಾಗ ಬರಸ್ಕೊಂಡು ಬರ್ರಿ. ಕೊಟ್ಟ ಮ್ಯಾಲ ಮೂರ-ನಾಕ ತಾಸು ಸೈತ ಆರಾಮ ನಿಲ್ಲದಿದ್ರ ಮನಿ ಔಷಧ ಮುಗೀತು ಅಂತ ತಿಳೀರಿ. ಊರಾಗ ಒಂದ ಸೂಜಿ, ಒಂದ ಸಲಾಯಿನ್ ಹಚ್ಚಿಸಿ ದಿನಾ ಕಳೀಬ್ಯಾಡ್ರಿ. ಹೋದ ಸಲದ್ದು ಉಳದ ಸ್ಟೆರಾಯ್ಡ್, ಆಂಟಿಬಯಾಟಿಕ್ ನೀವ ಸುರು ಮಾಡೂದೂ ಬ್ಯಾಡ.

• ಅವತ್ತ ದವಾಖಾನಿಗೆ ಹೋಗೂ ಲಕ್ಷಣ: ದಮ್ಮು ದಿನಕ್ಕಿಂತ ಹೆಚ್ಚು, ಕಫ ಹೆಚ್ಚು, ಕಫದ ಬಣ್ಣ ಹಳದಿ ಇಲ್ಲಾ ಹಸರು. ಈ ಮೂರರಾಗ ಎರಡು ಕೂಡಿದ್ರ ಸಾಕು. ಇಳದ ಜ್ವರ ತಿರಗಿ ಬಂದ್ರ ನ್ಯುಮೋನಿಯಾ ಇರಬಹುದು. ಕಾಲ ಬಾತ್ರೂ ಹೋಗ್ರಿ.

• 108ಕ್ಕ ಫೋನ್ ಹಚ್ಚೂ ಲಕ್ಷಣ: ಒಂದ ಮಾತು ಪೂರಾ ಆಡಾಕ ಆಗೂದಿಲ್ಲ. ಸುಮ್ನ ಕುಂತ್ರೂ ನಿಮಿಷಕ್ಕ 30ರ ಹತ್ರ ಉಸಿರು, ಕುತ್ತಿಗಿ ನರ ಎದ್ದು ಪಕ್ಕಿ ಒಳಗ ಎಳೀತಾವ. ತುಟಿ, ಉಗುರು ನೀಲಿ. ಎದಿ ನೋವು, ಕಫದಾಗ ರಕ್ತ. ಆಕ್ಸಿಜನ್ 88ಕ್ಕಿಂತ ಕೆಳಗ. ಆದ್ರ ಉಗುರಿಗೆ ಮದರಂಗಿ, ಬಣ್ಣ ಇದ್ರ, ಕೈ ತಣ್ಣಗಿದ್ರ ಅಂಕಿ ತಪ್ಪತೈತಿ, ಕೈ ಉಜ್ಜಿ ತಿರಗಿ ನೋಡ್ರಿ. ಅಂಕಿ ಚಲೋ ಇದ್ರೂ ಮನಶಾ ಚಲೋ ಕಾಣಲಿಲ್ಲಂದ್ರ ಮನಶಾನ್ನ ನಂಬ್ರಿ.

• ಇದರಾಗ ಭಾಳ ಮೋಸದ್ದು ನಿದ್ದಿ. ಇಡೀ ರಾತ್ರಿ ಒದ್ದಾಡಿದವರು ನಸುಕಿನ್ಯಾಗ ಮಂಪರಾದ್ರ “ಪಾಪ, ಕಣ್ಣ ಹತ್ಯಾವ, ಮಲಗ್ಲಿ” ಅಂತಾರ. ಹೊರಗ ಹೋಗಬೇಕಾದ ಕೆಟ್ಟ ಗಾಳಿ, ಕಾರ್ಬನ್ ಡೈಆಕ್ಸೈಡ್, ರಕ್ತದಾಗ ಏರಿದ್ರ ಹಿಂಗ ಮಂಪರು ಬರತೈತಿ. ಎಬ್ಬಿಸಿ ಹೆಸರು, ವಾರ ಕೇಳ್ರಿ. ತಡವರಿಸಿದ್ರ, ತಲಿನೋವು ಅಂದ್ರ, ಕೈ ನಡುಗಿದ್ರ ಹೊರಡ್ರಿ. ನಿದ್ದಿ ಗುಳಿಗಿ, ನಿದ್ದಿ ಬರೂ ಕೆಮ್ಮಿನ ಔಷಧ ಇವರಿಗೆ ಕೊಡಬಾರದು.

• ಮನ್ಯಾಗ ಆಕ್ಸಿಜನ್ ಇದ್ದವರು ದಮ್ಮು ಹತ್ತೇತಿ ಅಂತ ತಿರುವಿ ಹೆಚ್ಚು ಮಾಡಬ್ಯಾಡ್ರಿ. ಇವರಿಗೆ 88ರಿಂದ 92 ಸಾಕು. 98ಕ್ಕ ಏರಿಸಿದ್ರ ಅದ ಕೆಟ್ಟ ಗಾಳಿ ಹೆಚ್ಚಾಗಿ ಮಂಪರು ಬರಬಹುದು. ಆಂಬುಲೆನ್ಸಿನವರಿಗೂ ಮೊದಲ “ಇವರಿಗೆ ಸಿಒಪಿಡಿ ಐತಿ” ಅಂತ ಹೇಳ್ರಿ.

• ಗಾಡಿ ಬರೂತನಾ ಅಂಗಾತ ಮಲಗಸಬ್ಯಾಡ್ರಿ. ಮುಂದ ದಿಂಬು ಇಟ್ಟು ಬಾಗಿಸಿ ಕೂಡ್ರಸ್ರಿ. ಮೂಗಿಲೆ ಎಳದು ತುಟಿ ಸಣ್ಣ ಮಾಡಿ ನಿಧಾನ ಊದಾಕ ಹೇಳ್ರಿ. ಲೋಬಾನ ಹೊಗಿ, ಕರ್ಪೂರ ಬ್ಯಾಡ. ಸುತ್ತ ಮಂದಿ ನೆರದ್ರ ಸರಸ್ರಿ. ಚೀಟಿ, ಪಂಪು, ಗುಳಿಗಿ ಒಂದ ಚೀಲದಾಗ ಹಾಕ್ರಿ. ಹುಬ್ಬಳ್ಳಿ ಕಿಮ್ಸ್ ದೂರ ಅನ್ನಿಸಿದ್ರ ತಾಲೂಕು ದವಾಖಾನ್ಯಾಗ ಮೊದಲ ಆಕ್ಸಿಜನ್, ನೆಬುಲೈಸರ್ ಹಚ್ಚಿಸಿ ಮುಂದ ಹೋಗ್ರಿ. ಕಲಘಟಗಿ ಒಳಹಳ್ಳಿಯವರು ರಾತ್ರಿ ತಡಾ ಮಾಡೂದಕ್ಕಿಂತ ಸಂಜೀಕ ಹೊರಡೂದು ಚಲೋ.

• ಮನಿಗೆ ಬಂದ ಮ್ಯಾಲೂ ಮೊದಲಿನ ಉಸಿರು ಬರಾಕ ವಾರಗಟ್ಟಲೆ ಹಿಡೀತೈತಿ, ಆ ಹೊತ್ತಿನ್ಯಾಗ ಇನ್ನೊಮ್ಮೆ ಕೆಡೂದೂ ಐತಿ. ಹಾಸಿಗಿ ಅಡಗಿಮನಿಯಿಂದ ದೂರ ಹಾಕ್ರಿ. ಫ್ಲೂ ಲಸಿಕಿ ವರ್ಷಾ ವರ್ಷಾ ಹಾಕಿಸಬೇಕು, ಹೋದ ವರ್ಷದ್ದು ಈ ವರ್ಷಕ್ಕ ನಡೆಯೂದಿಲ್ಲ. ಸಾಮಾನ್ಯವಾಗಿ ರೊಕ್ಕಾ ಕೊಟ್ಟು ಹಾಕಿಸಬೇಕಾಗತೈತಿ, ಗುಣ ಹತ್ತಾಕ ಎರಡ ವಾರ ಬೇಕು. ನ್ಯುಮೋನಿಯಾ ಲಸಿಕಿನೂ ಅವತ್ತ ಕೇಳ್ರಿ. ರೋಹಿಣಿ ಮಳಿ ಬೀಳೂದರೊಳಗ ಅಪ್ಪನ್ನೋ ಅವ್ವನ್ನೋ ಕರಕೊಂಡು ಹೋಗಿ ಹಾಕಿಸಿ ಬರ್ರಿ.