‘k’ ಅಂದರೆ ಮುನಿಸಲ್ಲ, ‘a’ ಅಂದರೆ ಅಸಡ್ಡೆಯಲ್ಲ

ಅತ್ತಿಗುಂಡಿಯ ಅಮ್ಮ ಒಬ್ಬರು ನನ್ನ ಮುಂದೆ ಮೊಬೈಲ್ ಹಿಡಿದು ಕೂತಿದ್ದರು. ಮಗ ಚಿಕ್ಕಮಗಳೂರಿನ ಹಾಸ್ಟೆಲ್‌ನಲ್ಲಿದ್ದಾನೆ, ಪಿಯುಸಿ. ಹಿಂದಿನ ದಿನ ಅವನಿಗೆ ಜ್ವರವಿತ್ತು. ಕಾಫಿ ಕುಯ್ಲಿನ ಸಮಯ, ಕಣ ಬಿಟ್ಟು ಬರುವ ಹಾಗಿಲ್ಲ. ಮಧ್ಯಾಹ್ನ ಬಿಡುವು ಮಾಡಿಕೊಂಡು, ಸಿಗ್ನಲ್ ಸಿಗುವ ರಸ್ತೆ ತಿರುವಿಗೆ ಹೋಗಿ ಮೂರು ಮೆಸೇಜ್ ಹಾಕಿದ್ದರು: ‘ಜ್ವರ ಬಿಡ್ತಾ?’, ‘ಊಟ ಆದ್ಮೇಲೆ ಮಾತ್ರೆ ತಗೋ’, ‘ಶನಿವಾರ ಬರ್ತೀಯಾ?’. ಸಂಜೆ ಬಂದ ಉತ್ತರ ಒಂದೇ ಅಕ್ಷರ: k. ‘ನಾನು ಅಷ್ಟು ಕೇಳಿದ್ರೆ ಇವನು ಇಷ್ಟೇನಾ ಮೇಡಂ?’ ಅನ್ನುವಾಗ ಅವರ ಕಣ್ಣು ತುಂಬಿತ್ತು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು, ಆ ಅಕ್ಷರ ಯಾವ ಮಾತಿಗೆ ಉತ್ತರವಾಗಿ ಹೊಂದುತ್ತದೆ ಅನ್ನುವುದನ್ನು. k ಅಂದರೆ ಓಕೆ, ‘ಆಯ್ತು’. ‘ಜ್ವರ ಬಿಡ್ತಾ?’ ಅಂದರೆ ಯಾರೂ ‘ಆಯ್ತು’ ಅನ್ನುವುದಿಲ್ಲ. ‘ಮಾತ್ರೆ ತಗೋ’ ಅಂದರೆ ಅನ್ನುತ್ತಾರೆ. ಅಂದರೆ ಮಗ ಉತ್ತರ ಕೊಟ್ಟದ್ದು ಎರಡನೆಯ ಮಾತಿಗೆ. ಹಾಗಾದರೆ ಮೂರನೆಯದು? ಅದರ ಪಕ್ಕದಲ್ಲಿ ಟಿಕ್ ಇರಲಿಲ್ಲ, ಪುಟ್ಟ ಗಡಿಯಾರದ ಗುರುತಿತ್ತು. ಅಮ್ಮ ತಿರುವು ದಾಟಿ ಕಣದ ಕಡೆ ಇಳಿದಿದ್ದರು, ಮೆಸೇಜ್ ಅವರ ಫೋನಿನಿಂದಲೇ ಹೊರಟಿರಲಿಲ್ಲ. ಒಂದು ಟಿಕ್ ಬಿದ್ದರೆ ಇಲ್ಲಿಂದ ಹೊರಟಿದೆ, ಎರಡು ಬಿದ್ದರೆ ಅಲ್ಲಿ ಮುಟ್ಟಿದೆ. ವಾಟ್ಸಾಪಿನಲ್ಲಿ ನೀವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ನೋಡಿದರೆ ಮುಟ್ಟಿದ ಹೊತ್ತು ಕಾಣುತ್ತದೆ, ಓದಿದ ಗುರುತನ್ನು ಮಗು ಮುಚ್ಚಿಡದಿದ್ದರೆ ಓದಿದ ಹೊತ್ತೂ ಕಾಣುತ್ತದೆ. ನಮ್ಮ ಬೆಟ್ಟದ ಊರುಗಳಲ್ಲಿ ಅರ್ಧ ಮನಸ್ತಾಪ ಅಲ್ಲೇ ಬಗೆಹರಿಯುತ್ತದೆ.

ಉಳಿದದ್ದು ಜ್ವರದ ಪ್ರಶ್ನೆ. ಅದೊಂದನ್ನೇ ಮತ್ತೆ ಕೇಳಿ ಅಂದೆ. ಉತ್ತರ ಬಂತು: a. ಇದು ಇಂಗ್ಲಿಷಿನದಲ್ಲ, ನಮ್ಮದೇ ‘ಆ’. ಮನೆಯಲ್ಲಿ ಒಳಗಿನಿಂದ ಕರೆದರೆ ಮಕ್ಕಳು ಅನ್ನುವ ‘ಆ’ ಇದೆಯಲ್ಲ, ಅದೇ. ಬಾಯಲ್ಲಿ ಹೇಳುವಾಗ ದನಿ ಇಳಿದರೆ ‘ಹೌದು’, ದನಿ ಏರಿದರೆ ‘ಏನಂದೆ?’. ಬೆರಳಲ್ಲಿ ಒತ್ತಿದಾಗ ಆ ಏರಿಳಿತ ಉದುರಿಹೋಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿಕೊಳ್ಳಿ. ‘ಬಿಡ್ತಾ?’ ಅನ್ನುವುದಕ್ಕೆ a ಬಂದರೆ ಹೌದು. ಆದರೆ ಅವರು ಮುಂದೆ ‘ಬೆಳಿಗ್ಗೆ ಎಷ್ಟಿತ್ತು?’ ಅಂದಾಗಲೂ a ಬಂತು. ಎಷ್ಟು ಅಂದದ್ದಕ್ಕೆ ಹೌದು ಅನ್ನಲು ಬರುವುದಿಲ್ಲ, ಅಲ್ಲಿ ಅದು ‘ಆಂ? ಯಾವುದು?’. ‘ಜ್ವರ ಎಷ್ಟಿತ್ತು ಮಗಾ, 100 ದಾಟಿತ್ತಾ?’ ಅಂತ ಬಿಡಿಸಿ ಕೇಳಿದ ಮೇಲೆ ಸರಿಯಾದ ಉತ್ತರ ಬಂತು.

ಕೈತಪ್ಪಿ ಹೋಗುವ ಅಕ್ಷರಗಳೂ ಇವೆ. ಹಾಸ್ಟೆಲಿನ ಮಕ್ಕಳಲ್ಲಿ ಕೆಲವರ ಹತ್ತಿರ ಬಟನ್ ಫೋನ್ ಇರುತ್ತದೆ. ಅದರಲ್ಲಿ 2ನ್ನು ಒಂದು ಸಲ ಒತ್ತಿದರೆ a ಬೀಳುತ್ತದೆ, k ಬರಬೇಕಾದರೆ 5ನ್ನು ಎರಡು ಸಲ ಒತ್ತಬೇಕು. ಆದ್ದರಿಂದ ಅಂಥ ಫೋನಿನಿಂದ ಏನೂ ಕೇಳದೆಯೇ a ಬಂದರೆ ‘ಅಮ್ಮ’ ಎಂದು ಶುರು ಮಾಡಿ ನಡುವೆ ಕಳಿಸುವ ಗುಂಡಿ ಒತ್ತಿರಬಹುದು. k ಸಾಮಾನ್ಯವಾಗಿ ಬೇಕೆಂದೇ ಒತ್ತಿದ್ದು.

ಹಾಗಂತ ಮುನಿಸು ಇರುವುದೇ ಇಲ್ಲ ಎಂದಲ್ಲ. ಗೆಳೆಯರ ನಡುವೆ ಒಣ k ಚುಚ್ಚುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಮುನಿಸನ್ನು ಗುರುತಿಸಲು ನಿಮ್ಮ ಮಗುವಿನ ಹಳೆಯ ಮೆಸೇಜುಗಳನ್ನೇ ಅಳತೆಗೋಲು ಮಾಡಿಕೊಳ್ಳಿ. ಎರಡು ವರ್ಷದಿಂದ k ಎನ್ನುತ್ತಿದ್ದವನ k ಅವನ ಅಭ್ಯಾಸ. ‘ಆಯ್ತಮ್ಮ, ಅಪ್ಪಂಗೆ ಹೇಳು’ ಎಂದು ಬರೆಯುತ್ತಿದ್ದ ಹುಡುಗಿ ಹದಿನೈದು ದಿನದಿಂದ ಎಲ್ಲದಕ್ಕೂ k ಎನ್ನುತ್ತಿದ್ದರೆ, ತಂಗಿಗೂ ಹಾಗೇ ಬರೆಯುತ್ತಿದ್ದರೆ, ಆ ಬದಲಾವಣೆಯನ್ನು ಗಮನಿಸಬೇಕು. ಆಗ ‘ಯಾಕೆ ಹೀಗೆ ಬರೀತೀಯ?’ ಎಂದು ಟೈಪ್ ಮಾಡಬೇಡಿ, ಅದಕ್ಕೂ k ಬರುತ್ತದೆ. ಫೋನ್ ಮಾಡಿ ಅವಳ ದನಿ ಕೇಳಿ. ಆಗುವುದಾದರೆ ಭಾನುವಾರ ಹೋಗಿ ನೋಡಿ ಬನ್ನಿ.

ಒಂದಕ್ಷರವನ್ನು ಮೊದಲೇ ಗೊತ್ತುಮಾಡಿಕೊಂಡರೆ ಅದು ಮಗುವಿನ ಕೈಗೆ ದೊಡ್ಡ ಆಸರೆ. ಅಮೆರಿಕದ ಬರ್ಟ್ ಫುಲ್ಕ್ಸ್ ಎಂಬ ತಂದೆ 2017ರಲ್ಲಿ ತಮ್ಮ ಮನೆಯ ಇಂಥ ಏರ್ಪಾಡಿನ ಬಗ್ಗೆ ಬರೆದಿದ್ದರು. ಮಗ ಎಲ್ಲೋ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರೆ ಮನೆಗೆ X ಎಂದಷ್ಟೇ ಕಳಿಸುತ್ತಾನೆ. ಮನೆಯವರು ತಕ್ಷಣ ಫೋನ್ ಮಾಡಿ, ಏನೋ ಅವಸರ ಬಂದಿದೆ, ಕರೆದುಕೊಂಡು ಹೋಗಲು ಬರುತ್ತಿದ್ದೇವೆ ಅನ್ನುತ್ತಾರೆ. ಗೆಳೆಯರ ಮುಂದೆ ಅವನ ಮಾನ ಉಳಿಯುತ್ತದೆ. ಮನೆಗೆ ಬಂದ ಮೇಲೆ ಅವನಾಗಿಯೇ ಹೇಳಿದರೆ ಕೇಳುವುದು, ಕೆದಕುವುದಿಲ್ಲ. ಇದಕ್ಕೆ k, a ಬೇಡ. ಅವು ದಿನವೂ ಓಡಾಡುವ ಅಕ್ಷರಗಳು, ನಿಜವಾದ ಕೂಗು ಅದರಲ್ಲಿ ಕಳೆದುಹೋಗುತ್ತದೆ.

ಅತ್ತಿಗುಂಡಿಯ ಅಮ್ಮನಿಗೆ ಇದು ಹಿಡಿಸಿತು. ಆದರೆ ‘ನಾನು ಕಣದಲ್ಲಿದ್ರೆ ಆ ಅಕ್ಷರ ಬಂದು ಮುಟ್ಟೋದು ಯಾವಾಗ?’ ಅಂದರು. ಸರಿಯಾದ ಮಾತು. ಚಿಕ್ಕಮಗಳೂರಲ್ಲೇ ಇರುವ ಅವರ ತಂಗಿಗೆ ಅಲ್ಲಿಂದಲೇ ಫೋನ್ ಮಾಡಿದೆವು. x ಬಂದರೆ ಹಾಸ್ಟೆಲಿಗೆ ಮೊದಲು ಹೋಗುವವರು ಈಗ ಚಿಕ್ಕಮ್ಮ.